ಪುಂಡಿಯ ಬದಲು ಪಾಲಕ

ಸೊಸೆಯ ತಾಯಿ ಭಾಲ್ಕಿಯಿಂದ ಊಟಕ್ಕೆ ಬರುವವರಿದ್ದರು. ಬೀಗತಿಗೆ ಪುಂಡಿಯ ಹುಳಿಸೊಪ್ಪಿನ ಪಲ್ಯ ಆಗಲೇಬೇಕು. ಸೊಸೆ ಸಾಮಾನನ್ನೆಲ್ಲ ಮೊಬೈಲ್ ಆ್ಯಪಿನಲ್ಲಿ ತರಿಸಿದಳು. ತೊಗರಿಬೇಳೆ ನಮ್ಮ ಮೈಲೂರಿನ ಅಂಗಡಿಗಿಂತ ಅಗ್ಗ, ಟೊಮೆಟೊ ಗಟ್ಟಿ. ಆದರೆ ಪುಂಡಿ ಮುಗಿದಿದೆಯೆಂದು ಬದಲಿಗೆ ಪಾಲಕ ಸೊಪ್ಪು ಕಳಿಸಿದ್ದರು. ಆ್ಯಪು ಸೋತಿತೆಂದು ನಾನು ಒಳಗೊಳಗೇ ಹಿಗ್ಗಿ, ಚೀಲ ಹಿಡಿದು ಓಣಿಯ ಕಾಯಿಪಲ್ಯದವಳ ಬಳಿ ಹೋದೆ. ಅವಳಲ್ಲಿ ಉಳಿದದ್ದು ಒಂದೇ ಕಟ್ಟು, ಅದೂ ಬಾಡಿತ್ತು.

“ತಾಜಾ ಇಲ್ಲೇನವ್ವ?”

“ತಾಜಾ ನಿಮ್ಮ ಮನಿಗಿ ಗಾಡಿ ಮ್ಯಾಲ ಬಂತಲ್ರಿ, ಅಜ್ಜಾರ.”

ಆ ಬಾಡಿದ ಕಟ್ಟನ್ನೇ ಕೊಂಡು ತಂದೆ. ಸೊಸೆ ಎರಡೂ ಸೊಪ್ಪು ಕೂಡಿಸಿ ಬೇಯಿಸಿದಳು. ಬೀಗತಿ ಮತ್ತೊಮ್ಮೆ ಬಡಿಸಿಕೊಂಡು, “ಇಷ್ಟು ಮೆತ್ತನ ಪುಂಡಿ ಎಲ್ಲಿ ಸಿಗ್ತದ್ರಿ?” ಎಂದರು.

“ಆ್ಯಪಿನ್ಯಾಗ,” ಎಂದಳು ಸೊಸೆ.

“ಓಣ್ಯಾಗ,” ಎಂದೆ ನಾನು, ಅವಳಿಗಿಂತ ಜೋರಾಗಿ.