ಡಜನ್ ಅಕ್ಕನ ಗಂಟೆ ಲೆಕ್ಕ

ನನ್ನ ಗುಂಡಿ-ದಾರದ ಅಂಗಡಿಯಲ್ಲಿ ಡಜನ್ ಕೊಂಡವರು ನೂರಾರು ಮಂದಿ. ಅಲ್ಲೇ ಸುರಿದು ಹನ್ನೆರಡೂ ಎಣಿಸುವವಳು ಅವಳೊಬ್ಬಳೇ. ಎರಡು ಸಲ ಹನ್ನೊಂದು ಸಿಕ್ಕಿದ್ದೂ ನಿಜ. ಅಂದಿನಿಂದ ಅವಳು ನಮಗೆ ಡಜನ್ ಅಕ್ಕ.

ವಯಸ್ಸು ನಲವತ್ತೊಂದಾದರೂ ಸಂಬಳದ ಮುಖ ಕಂಡವಳಲ್ಲ. ಈಗ ಕೂಡಿಟ್ಟದ್ದೆಲ್ಲ ಕರಗಿತ್ತು, ಅವಳ ತಾಯಿ ಸೊಂಟ ಮುರಿದುಕೊಂಡು ಹಾಸಿಗೆಯಲ್ಲಿದ್ದಳು. ತಿಂಗಳಿಗೆ ಹದಿಮೂರು ಸಾವಿರ ಬೇಕೇ ಬೇಕು. ಪಕ್ಕದ ಮನೆಯವಳು ತಾಯಿಯನ್ನು ನೋಡಿಕೊಳ್ಳುವುದು ಸಂಜೆ ಆರೂವರೆವರೆಗೆ ಮಾತ್ರ.

ಅಂಗಡಿ ಕೆಲಸಕ್ಕೆ ಕರೆದು ನಾನು ಹೇಳಿದ ಸಂಬಳ ತಿಂಗಳಿಗೆ ಹದಿಮೂರು ಸಾವಿರ. ಉಡುಪಿನ ಕಾರ್ಖಾನೆಯವರು ಹೇಳಿದ್ದು ಗಂಟೆಗೆ ಅರವತ್ತೈದು, ದಿನಕ್ಕೆ ಎಂಟು ಗಂಟೆ. ಅಂದು ಸಂಜೆ ನಾಲ್ಕರೊಳಗೆ ಅವರಿಗೆ ಉತ್ತರ ಕೊಡಬೇಕಿತ್ತು. ಮೂರೂ ನಲವತ್ತಕ್ಕೆ ತನ್ನ ತಮ್ಮನನ್ನು ಕಟ್ಟಿಕೊಂಡು ನನ್ನ ಅಂಗಡಿಗೆ ಬಂದಳು.

"ದಿನಕ್ಕೆ ಐನೂರ ಇಪ್ಪತ್ತು, ಮೂವತ್ತು ದಿನಕ್ಕೆ ಹದಿನೈದು ಸಾವಿರದ ಆರುನೂರು," ಅಂದ ತಮ್ಮ. "ಇಲ್ಲಿ ಯಾಕಕ್ಕಾ ನಿಂತಿದ್ದೀಯಾ?"

"ಭಾನುವಾರ ನೀನು ಹೋಗಿ ಹೊಲಿತೀಯಾ?" ಅಂದೆ. ಒಳ್ಳೆ ಕೆಲಸದವಳು ಕೈತಪ್ಪುವ ಭಯ ನನಗೂ ಇತ್ತು, ಸುಳ್ಳೇಕೆ.

ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ಕಂದು ಕಾಗದದ ಮೇಲೆ ಬರೆದಳು. ವಾರಕ್ಕೆ ಆರು ದಿನ, ವರ್ಷಕ್ಕೆ ಐವತ್ತೆರಡು ವಾರ: ಮುನ್ನೂರ ಹನ್ನೆರಡು ದಿನ. ಕಾರ್ಖಾನೆಗೆ ಫೋನ್ ಹಚ್ಚಿದಳು.

"ರಜೆಗೆ ಸಂಬಳ ಇದೆಯಾ ಸಾರ್?"

"ಗಂಟೆ ಲೆಕ್ಕ ಅಂದ್ರೆ ಗಂಟೆ ಲೆಕ್ಕಾನೇ ಅಮ್ಮಾ. ವರ್ಷಕ್ಕೆ ಹತ್ತು ದಿನ ಬಾಗಿಲು ಹಾಕ್ತೀವಿ."

ಹತ್ತು ಕಳೆದಳು, ಉಳಿದದ್ದು ಮುನ್ನೂರ ಎರಡು. ಐನೂರ ಇಪ್ಪತ್ತರಿಂದ ಗುಣಿಸಿದರೆ ವರ್ಷಕ್ಕೆ ಒಂದು ಲಕ್ಷ ಐವತ್ತೇಳು ಸಾವಿರದ ನಲವತ್ತು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಹದಿಮೂರು ಸಾವಿರದ ಎಂಬತ್ತಾರು ಚಿಲ್ಲರೆ. ತಮ್ಮ ಕತ್ತು ಕೆರೆದುಕೊಂಡ. ಹೋಗಿಬರುವ ಬಸ್ ಖರ್ಚೂ ಅದರಲ್ಲೇ ಕಳೆಯಬೇಕು. ನನ್ನ ಅಂಗಡಿಗೋ ನಡೆದೇ ಬರಬಹುದು.

ಗೆದ್ದೆ ಅಂದುಕೊಂಡೆ. ಸೀಮೆಸುಣ್ಣ ನನ್ನತ್ತ ತಿರುಗಿತು.

"ಅಣ್ಣಾ, ನಿಮ್ಮದು ಒಂಬತ್ತರಿಂದ ಎಂಟು, ಊಟಕ್ಕೆ ಒಂದು ಗಂಟೆ. ದಿನಕ್ಕೆ ಹತ್ತು, ವಾರಕ್ಕೆ ಅರವತ್ತು. ಸಂಬಳ ವರ್ಷಕ್ಕೆ ಒಂದು ಲಕ್ಷ ಐವತ್ತಾರು ಸಾವಿರ, ಅಂದ್ರೆ ವಾರಕ್ಕೆ ಮೂರು ಸಾವಿರ. ಗಂಟೆಗೆ ಐವತ್ತಾಯ್ತು."

ನಾನು ಕೊಡುವ ಸಂಬಳವನ್ನು ಗಂಟೆಗಳಲ್ಲಿ ತೂಗಿದವರು ಅವಳಿಗಿಂತ ಮುಂಚೆ ಯಾರೂ ಇರಲಿಲ್ಲ. ಗಡಿಯಾರ ಮೂರೂ ಐವತ್ತಾರು ತೋರಿಸುತ್ತಿತ್ತು.

"ಎಂಟಕ್ಕೆ ಬಿಟ್ರೆ ಅಮ್ಮನ ಹತ್ರ ಯಾರಿರ್ತಾರೆ? ಅಲ್ಲಿ ಐದೂವರೆಗೆ ಬಿಡ್ತಾರೆ. ಬಸ್ಸಿಗೆ ಕೊಟ್ಟು ದುಡ್ಡು ಕೊರತೆ ಆದ್ರೂ ನನಗೆ ಆ ಕೆಲಸಾನೇ ಗತಿ." ಅವಳ ಬೆರಳು ಫೋನಿನ ಮೇಲಿತ್ತು.

"ಆರಕ್ಕೆ ಬಿಡ್ತೀನಿ," ಅಂದೆ.

"ಹದಿಮೂರು ಸಾವಿರಾನೇ?"

"ಅದೇ."

"ವಾರಕ್ಕೆ ನಲವತ್ತೆಂಟು ಗಂಟೆ, ಗಂಟೆಗೆ ಅರವತ್ತೆರಡೂವರೆ. ನೀವು ಅಂಗಡಿಗೆ ರಜೆ ಹಾಕಿದ ದಿನ ಸಂಬಳ ಹಿಡಿಬಾರದು."

"ಇಲ್ಲಮ್ಮಾ, ಹಿಡಿಯಲ್ಲ."

"ಬರೆದು ಕೊಡಿ."

ಅದೇ ಕಂದು ಕಾಗದದ ಕೆಳಗೆ ಬರೆದು ಸಹಿ ಹಾಕಿದೆ. ಎರಡು ಸಲ ಓದಿ, ಕಾರ್ಖಾನೆಗೆ ಬರುವುದಿಲ್ಲವೆಂದು ತಿಳಿಸಿದಳು. ಆಮೇಲೆ ಕೌಂಟರಿನ ಒಳಗೆ ಬಂದು, ಮಾರಾಟಕ್ಕೆ ಕಟ್ಟಿಟ್ಟಿದ್ದ ಗುಂಡಿಯ ಪೊಟ್ಟಣವೊಂದನ್ನು ಸುರಿದು ಎಣಿಸತೊಡಗಿದಳು.

ನಾನು ಬೇರೆ ಕಡೆ ನೋಡಿದೆ.