ರಾಗಿ ತೊಳೆಯೋದು ಕಷ್ಟ ಅಲ್ವಾ?

ಜನರನ್ನು ಕೂರಿಸಿಕೊಂಡು ಮಾತಾಡಿಸುವುದು ನನ್ನ ಕೆಲಸ. ಕಂಪನಿಯೊಂದು ಹೊಸ ಪದಾರ್ಥ ತರುವ ಮುಂಚೆ, ಅದನ್ನು ಕೊಳ್ಳಬಹುದಾದವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ನಮ್ಮಂಥವರನ್ನು ಕಳಿಸುತ್ತದೆ. ಎಂಟು ಜನರ ಗುಂಪು, ಒಂದೂವರೆ ಗಂಟೆ ಮಾತು. ಕೆಲವೊಮ್ಮೆ ಮನೆಗೇ ಹೋಗಿ ಒಬ್ಬೊಬ್ಬರ ಜೊತೆ. ಎಷ್ಟು ಜನ ಕೊಳ್ಳುತ್ತಾರೆ ಎಂಬ ಲೆಕ್ಕ ನಮ್ಮದಲ್ಲ. ಯಾಕೆ ಕೊಳ್ಳುತ್ತಾರೆ, ಯಾಕೆ ಬೇಡವೆನ್ನುತ್ತಾರೆ ಎಂಬುದು ನಮ್ಮದು.

ಆ ಸಲದ ಪದಾರ್ಥ ತೊಳೆದು ಒಣಗಿಸಿ ಬೀಸಿದ ರಾಗಿಹಿಟ್ಟಿನ ಪಾಕೀಟು. ಮಧುಗಿರಿ ಮತ್ತು ಶಿರಾದಲ್ಲಿ ಒಂದೊಂದು ಗುಂಪು, ಕೊರಟಗೆರೆ ಮತ್ತು ಪಾವಗಡದಲ್ಲಿ ಮನೆಮನೆಯ ಮಾತುಕತೆ ಎಂದು ನಿಗದಿಯಾಗಿತ್ತು. ನಾನು ಕೊರಟಗೆರೆ ಕಡೆಯವಳು. ಮುದ್ದೆ ತಿಂದೇ ಬೆಳೆದವಳು. ಇದರಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡೇ ಬಸ್ಸು ಹತ್ತಿದೆ.

ಮಧುಗಿರಿಯಲ್ಲಿ ಹೆಂಗಸರನ್ನು ಸೇರಿಸಿದ್ದವರು ನಮ್ಮ ಫೀಲ್ಡ್ ಸೂಪರ್‌ವೈಸರ್. ಐವತ್ತು ದಾಟಿದವರು, ಅದೇ ಊರಿನವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಹಾಲಿನಲ್ಲಿ ಕುರ್ಚಿಗಳನ್ನು ಸುತ್ತ ಇಟ್ಟು, ಕ್ಯಾಮೆರಾ ನಿಲ್ಲಿಸಿದ್ದೆವು. ಪಕ್ಕದ ಕೋಣೆಯಲ್ಲಿ ಟೀವಿಯ ಮುಂದೆ ಕಂಪನಿಯ ಮ್ಯಾನೇಜರ್ ಕೂತಿದ್ದರು. ಬೆಂಗಳೂರಿನ ಹೆಣ್ಣುಮಗಳು, ಚುರುಕಾಗಿದ್ದರು. ರೆಕಾರ್ಡ್ ಮಾಡುತ್ತೇವೆ, ಆ ಕಡೆ ಕೋಣೆಯಲ್ಲಿ ಕೂತು ನೋಡುತ್ತಾರೆ ಎಂದು ಬಂದವರಿಗೆ ಹೇಳಿ ಒಪ್ಪಿಗೆ ಪಡೆದ ಮೇಲೆ ಶುರು ಮಾಡಿದೆ.

ಮಕ್ಕಳು, ಅಡಿಗೆ, ಮಾರ್ಕೆಟ್ಟು ಎಂದು ಸ್ವಲ್ಪ ಹೊತ್ತು ಹರಟಿದ ಮೇಲೆ ರಾಗಿಗೆ ಬಂದೆ. "ರಾಗಿ ತೊಳೆದು ಒಣಗಿಸೋದು ಕಷ್ಟ ಅಲ್ವಾ?"

ಮೊದಲು ಬಾಯಿ ತೆರೆದದ್ದು ಊರಿನ ಮಹಿಳಾ ಸಂಘವೊಂದರ ಅಧ್ಯಕ್ಷೆ. "ಬಲೇ ಕಷ್ಟ ಕಣಮ್ಮ. ಆದ್ರೆ ತೊಳೀದಂಗೆ ಮಿಷನ್ನಿಗೆ ಹಾಕೋಕಾಯ್ತದಾ? ಅಂಗೆಲ್ಲ ಗಲೀಜಾಗಿ ತಿನ್ನೋರಲ್ಲ ನಾವು."

ಆಮೇಲೆ ಉಳಿದವರೆಲ್ಲ ಹೌದು ಹೌದು ಎಂದರು. ಒಬ್ಬಳು ಸೊಂಟನೋವು ಎಂದಳು, ಇನ್ನೊಬ್ಬಳು ಮಾಳಿಗೆಯ ಮೇಲೆ ಕಾಗೆ ಕಾಯಬೇಕು ಎಂದಳು. ಪಾಕೀಟು ಕೈಗೆ ಕೊಟ್ಟಾಗ ಎಲ್ಲರೂ ಮೆಚ್ಚಿದರು. ಅಧ್ಯಕ್ಷೆಯಂತೂ "ನಮ್ಮಂಥೋರ ಕಷ್ಟ ನೋಡಿ ಮಾಡವ್ರೆ" ಎಂದರು. ಕೋಣೆಯಿಂದ ಹೊರಬಂದ ಮ್ಯಾನೇಜರ್ ನನ್ನ ಕೈ ಕುಲುಕಿದರು. ಇಷ್ಟು ಸ್ಪಷ್ಟವಾಗಿ ಮಾತಾಡಿದ ಗುಂಪನ್ನು ನೋಡಿಯೇ ಇರಲಿಲ್ಲವಂತೆ. ನಿಜ ಹೇಳಬೇಕೆಂದರೆ ನನಗೂ ಖುಷಿಯಾಗಿತ್ತು. ಬಾವಿಕಟ್ಟೆಯ ಹತ್ತಿರ ಬಗ್ಗಿಕೊಂಡು ರಾಗಿ ತೊಳೆಯುತ್ತಿದ್ದ ನಮ್ಮಮ್ಮನ ಬೆನ್ನು ನನ್ನ ಕಣ್ಣ ಮುಂದೆಯೇ ಇತ್ತು.

ಮೆಟ್ಟಿಲ ಕೆಳಗೆ ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ, ಗುಂಪಿನಲ್ಲಿ ಮೂರೋ ನಾಲ್ಕೋ ಮಾತಷ್ಟೇ ಆಡಿದ್ದ ಒಬ್ಬಳು ಹಿಂದೆ ಉಳಿದಳು. ಗಾರ್ಮೆಂಟ್ಸಿಗೆ ಹೋಗುವವಳು.

"ಮೇಡಂ, ಒಂದ್ ಮಾತು. ಯಾರೂ ತೊಳಿಯಲ್ಲ."

"ಏನು?"

"ರಾಗೀನ. ಮೊರದಲ್ಲಿ ಕೇರಿ, ಜರಡಿ ಹಿಡ್ದು, ಕಲ್ಲು ಆಯ್ದು ಮಿಷನ್ನಿಗೆ ಕೊಟ್ಬುಡ್ತೀವಿ. ಅಧ್ಯಕ್ಷರೂ ಅಷ್ಟೇಯ, ಅವ್ರು ನಮ್ಮ ಪಕ್ಕದ್ ಮನೆಯೋರೆ. ಅವ್ರು ಅಂಗಂದ್ಮೇಲೆ ನಾ ತೊಳಿಯಲ್ಲ ಅಂತ ಹೆಂಗನ್ಲಿ?"

ಅಷ್ಟು ಹೇಳಿ ಹೊರಟುಹೋದಳು.

ಸಂಜೆ ಅಕ್ಕನ ಮನೆಯಲ್ಲಿ ಕೂತು ರೆಕಾರ್ಡಿಂಗ್ ಹಾಕಿದೆ. ನನ್ನ ದನಿಯನ್ನು ನಾನೇ ಕೇಳುವುದು ಹಿತವಾದ ಕೆಲಸವಲ್ಲ. ಕಷ್ಟ ಅಲ್ವಾ, ಟೈಮ್ ಹೋಗುತ್ತೆ ಅಲ್ವಾ, ಸುಸ್ತಾಗುತ್ತೆ ಅಲ್ವಾ. ಪ್ರಶ್ನೆಯ ಬಾಲದಲ್ಲಿ ಉತ್ತರ ಕಟ್ಟಿ ಕೊಟ್ಟಿದ್ದೆ. ಹೊಸಬರಿಗೆ ತರಬೇತಿ ಕೊಡುವಾಗ ನಾನು ಹೇಳುವ ಮೊದಲ ಪಾಠವೇ ಹೀಗೆ ಕೇಳಬೇಡಿ ಎಂಬುದು. "ನೀವು ತೊಳೆಯುತ್ತೀರಾ" ಎಂದಂತೂ ನಾನು ಕೇಳಿರಲೇ ಇಲ್ಲ.

"ಎಲ್ರೂ ಒಂದೇ ಸಂಘದವರಾ ಅಕ್ಕ?" ಎಂದೆ.

ಅಕ್ಕ ಕಾಫಿ ಲೋಟ ಕೆಳಗಿಟ್ಟರು. "ಎಂಟ್ರಲ್ಲಿ ಆರು. ಹೇಳಿದ್ ಹೊತ್ಗೆ ಬರ್ತಾರಲ್ಲ ಅಂತ ಕರ್ಕೊಂಬಂದ್ಬುಟ್ಟೆ."

ಪರಿಚಯದವರು ಒಂದೇ ಗುಂಪಿನಲ್ಲಿ ಇರಬಾರದು ಎಂಬುದು ಅವರಿಗೆ ಗೊತ್ತಿಲ್ಲದ ನಿಯಮವಲ್ಲ. ನಾನು ಏನೂ ಅನ್ನಲಿಲ್ಲ. ಅಂದಿದ್ದರೆ ನನ್ನ 'ಅಲ್ವಾ'ಗಳನ್ನು ಅವರು ಎತ್ತಬಹುದಿತ್ತು.

ಅಮ್ಮನಿಗೆ ಫೋನ್ ಮಾಡಿದೆ. ಅವರು ನನ್ನ ತಮ್ಮನ ಮನೆಯಲ್ಲಿ, ಸೀರಿಯಲ್ ನೋಡುತ್ತಿದ್ದರು.

"ಅಮ್ಮ, ನೀನು ಪ್ರತಿ ಸಲ ರಾಗಿ ತೊಳೆದು ಒಣಗಿಸ್ತಿದ್ದೆ ಅಲ್ವಾ?" ಮತ್ತೆ ಅಲ್ವಾ ಎಂದಿದ್ದೆ.

"ನಾನಾ? ರಾಗಿ ಯಾಕ್ ತೊಳೀಲಿ?"

"ಬಾವಿ ಹತ್ರ. ನಾನು ನೋಡಿದೀನಿ."

ಅಮ್ಮ ಟೀವಿಯ ದನಿ ಕಡಿಮೆ ಮಾಡಿದರು. "ಓ, ಅದಾ. ಆ ವರ್ಷ ಮಳೆಗೆ ಗೋಡೆ ಬಿದ್ದು ಮೂಟೆ ಎಲ್ಲ ಮಣ್ಣಾಗಿತ್ತು ಕಣೆ. ಅದೊಂದ್ಸಲ ತೊಳ್ದಿದ್ದೆ. ದಿನಾ ಅದೇ ಕೆಲ್ಸನಾ ನಂಗೆ?"

ಒಂದೇ ಸಲ ನೋಡಿದ್ದು ನನ್ನ ನೆನಪಿನಲ್ಲಿ ಇಡೀ ಬಾಲ್ಯವನ್ನು ಆವರಿಸಿತ್ತು. ಆ ನೆನಪನ್ನೇ ಮಧುಗಿರಿಯ ಎಂಟು ಹೆಂಗಸರ ಬಾಯಿಂದ ಹೇಳಿಸಿಬಂದಿದ್ದೆ. ನಾಚಿಕೆಗಿಂತ ಹೆಚ್ಚಾಗಿ ಒಂದು ಬಗೆಯ ಆಶ್ಚರ್ಯವೇ ಆಯಿತು.

ಯಾರೂ ತೊಳೆಯುವುದಿಲ್ಲ ಎಂದು ಬರೆದುಬಿಡೋಣ ಎಂದೆ. ತಡೆದವರು ಅಕ್ಕ. "ಅವ್ಳೊಬ್ಳು ಹೇಳಿದ್ದು ವೇದವಾಕ್ಯನಾ? ಮೆಟ್ಲತ್ರ ಗುಟ್ಟಾಗಿ ಹೇಳಿದ್ರೆ ನಿಜ ಆಗ್ಬುಡ್ತದಾ? ಹೋಗಿ ನೋಡಾಣ." ಅವರು ಹೇಳಿದ್ದು ಸರಿಯಾಗಿತ್ತು. ಪಿಸುಮಾತಿಗೆ ನಾವು ಕೊಡುವ ಬೆಲೆಯೂ ಒಂದು ಪಕ್ಷಪಾತವೇ.

ಮಾರನೆಯ ದಿನ ಪ್ರಶ್ನೆಗಳ ಪಟ್ಟಿ ಬದಲಾಯಿಸಿದೆ. ಕಷ್ಟ, ಸುಲಭ, ತೊಳೆಯುವುದು ಎಂಬ ಮಾತುಗಳನ್ನೇ ತೆಗೆದುಹಾಕಿ, "ಹೋದ ಸಲ ಹಿಟ್ಟು ಮಾಡಿಸಿದ್ದು ಯಾವಾಗ? ಅವತ್ತು ಏನೇನು ಮಾಡಿದಿರಿ, ಮೊದಲಿಂದ ಹೇಳಿ" ಎಂದಷ್ಟೇ ಬರೆದುಕೊಂಡೆ. ಪಾಕೀಟು ಕೊನೆಯವರೆಗೆ ಚೀಲದಲ್ಲೇ ಇರಬೇಕು. ಮ್ಯಾನೇಜರಿಗೆ ಫೋನಿನಲ್ಲಿ ಹೇಳಿದಾಗ, ಚೆನ್ನಾಗಿ ಬರುತ್ತಿರುವುದನ್ನು ಯಾಕೆ ಬದಲಾಯಿಸುತ್ತೀರಿ ಎಂದರು. ಮಧುಗಿರಿಯ ಗುಂಪು ಕೆಟ್ಟಿದೆ, ಕೆಡಿಸಿದವಳು ನಾನೇ ಎಂದೆ. ಕೊನೆಗೆ, ನೋಡಿ ಮಾಡಿ ಎಂದರು.

ಕೊರಟಗೆರೆಯ ಮನೆಗಳಲ್ಲಿ ಅಡಿಗೆಮನೆಯಲ್ಲೇ ಕೂತು ಮಾತಾಡಿದೆ. ಡ್ರಮ್ಮಿನಿಂದ ಮೊರಕ್ಕೆ, ಮೊರದಿಂದ ಜರಡಿಗೆ, ಅಲ್ಲಿಂದ ಗಂಡನ ಟಿವಿಎಸ್ ಮೇಲೆ ಮಿಷನ್ನಿಗೆ. ಕತೆಯಲ್ಲಿ ನೀರು ಬರಲಿಲ್ಲ. ಒಬ್ಬರ ಮನೆಯಲ್ಲಿ ಮಾತ್ರ ಬಂತು. ನಾನೇನೂ ಕೇಳದಿದ್ದರೂ, ಅತ್ತೆ ಪಕ್ಕದಲ್ಲಿ ಕೂತಿದ್ದಾಗ ಸೊಸೆ "ತೊಳೀತೀವಿ" ಎಂದಳು. ಅತ್ತೆ ಎದ್ದು ಹಿತ್ತಲಿಗೆ ಹೋದ ಮೇಲೆ ಒಂದು ಸಲ ಬಾಗಿಲ ಕಡೆ ನೋಡಿ ನಕ್ಕಳು, ಅಷ್ಟೆ. ಎರಡನ್ನೂ ಬರೆದುಕೊಂಡೆ.

ಶಿರಾದ ಗುಂಪಿಗೆ ಅಕ್ಕ ಈ ಸಲ ಬೇರೆಬೇರೆ ಬೀದಿಗಳಿಂದ ಕರೆತಂದಿದ್ದರು. ಒಳಗೆ ಬಿಡುವ ಮುಂಚೆ ಹಿಂದಿನ ಆರು ತಿಂಗಳಲ್ಲಿ ಇಂಥ ಮೀಟಿಂಗಿಗೆ ಹೋಗಿದ್ದಿರಾ ಎಂದು ನಾನೇ ಕೇಳಿದೆ. ಒಬ್ಬಾಕೆ ಇಲ್ಲ ಎಂದವಳು, ಕುರ್ಚಿಯಲ್ಲಿ ಕೂತಿದ್ದೇ "ಸೋಪಿನ ಮೀಟಿಂಗಲ್ಲೂ ಇಂಗೇ ಹೆಸರಿನ ಕಾರ್ಡ್ ಇಟ್ಟಿದ್ರು" ಎಂದಳು. ಪದೇ ಪದೇ ಬರುವವರು ನಮಗೆ ಬೇಕಾದ ಉತ್ತರ ಕಲಿತುಬಿಟ್ಟಿರುತ್ತಾರೆ. ಬಂದವರಿಗೆ ಕೊಡುವ ಉಡುಗೊರೆ ಕೊಟ್ಟು, ಕೈಮುಗಿದು ಕಳಿಸಿದೆವು. ಏಳು ಜನ ಉಳಿದರು. ಪಾಕೀಟು ತೋರಿಸುವ ಮುಂಚೆ ಪ್ರತಿಯೊಬ್ಬರೂ ತಮ್ಮ ಹಿಟ್ಟು ಮಾಡಿಸುವ ರೀತಿಯನ್ನು ಚೀಟಿಯಲ್ಲಿ ಬರೆದು ಮಡಿಸಿ ಕೊಟ್ಟರು. ಬರೆಯಲು ಬಾರದ ಇಬ್ಬರು ಅಕ್ಕನ ಕಿವಿಯಲ್ಲಿ ಹೇಳಿ ಬರೆಸಿದರು. ಚೀಟಿಗಳಲ್ಲೂ ನೀರಿಲ್ಲ.

ಪಾವಗಡದಲ್ಲಿ ರಾಯಚರ್ಲು ಕಡೆಯ ಒಂದು ಮನೆಯಲ್ಲಿ ಎಳೆ ಮಗುವಿನ ತಾಯಿ ಸಿಕ್ಕಳು. ಗಂಡ ಸೋಲಾರ್ ಪ್ಲಾಂಟಿನಲ್ಲಿ ಪ್ಯಾನೆಲ್ ಒರೆಸುವ ಕೆಲಸದವನು. ತೆಲುಗು ಕನ್ನಡ ಎರಡನ್ನೂ ಬೆರೆಸಿ ಮಾತಾಡುತ್ತಿದ್ದಳು. ಹೋದ ಸಲದ ಹಿಟ್ಟಿನ ಬಗ್ಗೆ ಕೇಳಿದೆ.

"ಯಾವ ಇಟ್ಟು ಮೇಡಂ? ನಮ್ದಾ, ಪಾಪಂದಾ?"

"ಎರಡೂ ಹೇಳಮ್ಮ."

"ನಮ್ದು ಏಮುಂದಿ, ಏನೈತೆ, ಕೇರಿ ಮಿಷನ್ನಿಗೆ ಹಾಕದು. ಪಾಪಂದು ಬೇರೆ. ಮೂರ್ ನೀರಲ್ಲಿ ತೊಳ್ದು, ನೆನೆಸಿ, ಬಟ್ಟೇಲಿ ಕಟ್ಟಿ ಮೊಳಕೆ ಬರ್ಸಿ, ನೆರಳಲ್ಲಿ ಒಣಗಿಸ್ಬೇಕು. ನಾಲ್ಕೈದು ದಿನ ಅದೇ ಪನಿ, ಅದೇ ಕೆಲ್ಸ."

ಅವಳು ಅದನ್ನು ತೋರಿಸಿದಳು ಕೂಡ. ಮಂಚದ ಮೇಲೆ ಬಿಳಿ ಪಂಚೆ ಹಾಸಿ ಮೊಳಕೆ ರಾಗಿ ಹರಡಿತ್ತು. ತೊಳೆಯುವವರು ಇದ್ದರು, ತೊಳೆಯುವ ರಾಗಿಯೂ ಇತ್ತು. ಅದು ಮುದ್ದೆಯದಲ್ಲ, ಮಗುವಿನ ಸರಿಹಿಟ್ಟಿನದು. ಕೊರಟಗೆರೆಯಲ್ಲಿ ನನಗೆ ಸಿಕ್ಕಿದ್ದ ಮನೆಗಳಲ್ಲಿ ಕೈಗೂಸು ಇರಲಿಲ್ಲ, ಹಾಗಾಗಿ ಈ ಮಾತು ಅಲ್ಲಿ ಬಂದಿರಲಿಲ್ಲ.

ಬೆಂಗಳೂರಿನ ಆಫೀಸಿನಲ್ಲಿ ವರದಿ ಒಪ್ಪಿಸಿದ ದಿನ ಮ್ಯಾನೇಜರ್ ಸುಲಭವಾಗಿ ಒಪ್ಪಲಿಲ್ಲ. "ನಾನೇ ಕಣ್ಣಾರೆ ನೋಡಿದೀನಲ್ಲ ಮೇಡಂ. ಎಂಟಕ್ಕೆ ಎಂಟೂ ಜನ ಬೇಕು ಅಂದ್ರು." ಅವರು ನೋಡಿದ್ದು ಆ ಒಂದು ಗುಂಪನ್ನು ಮಾತ್ರ. ಮೊದಲೇ ಇದ್ದ ನಂಬಿಕೆಗೆ ಅದು ಹೊಂದಿತ್ತು. ನಾನು ವಾದ ಮಾಡದೆ ರೆಕಾರ್ಡಿಂಗ್‌ನಿಂದ ನನ್ನ ಪ್ರಶ್ನೆಗಳನ್ನಷ್ಟೇ ಒಂದಾದ ಮೇಲೊಂದು ಹಾಕಿದೆ. ಅಲ್ವಾ, ಅಲ್ವಾ, ಅಲ್ವಾ. ಕೋಣೆಯಲ್ಲಿದ್ದ ಯಾರೋ ನಕ್ಕರು. ಮ್ಯಾನೇಜರ್ ನಗಲಿಲ್ಲ. ಪೆನ್ನು ತೆಗೆದು, ಮಧುಗಿರಿಯ ಪುಟದ ಮೇಲೆ ಅಡ್ಡ ಗೆರೆ ಎಳೆದರು.

ನಾಲ್ಕು ವಾರದ ಮೇಲೆ ಅವರದೇ ಫೋನು. ಕೈಗೂಸು ಇರುವ ತಾಯಂದಿರ ಜೊತೆ ಮತ್ತೊಂದು ಸುತ್ತು ಮಾಡಬೇಕು, ನೀವೇ ನಡೆಸಿಕೊಡಿ ಎಂದರು. ನಾನು ಸಹೋದ್ಯೋಗಿಯೊಬ್ಬಳನ್ನು ಕಳಿಸುತ್ತೇನೆ ಎಂದೆ. ಪಾವಗಡದ ಆ ಮನೆ ಹೊಕ್ಕು ಬಂದಾಗಿನಿಂದ, ತೊಳೆದ ಹಿಟ್ಟು ಬೇಕಾಗಿರುವುದು ಕೈಗೂಸಿನ ತಾಯಂದಿರಿಗೆ ಎಂಬ ಉತ್ತರ ನನಗೆ ಬಹಳ ಇಷ್ಟವಾಗಿತ್ತು. ಇಷ್ಟವಾದ ಉತ್ತರವನ್ನು ಇಟ್ಟುಕೊಂಡು ಪ್ರಶ್ನೆ ಕೇಳಲು ಹೋಗಬಾರದು ಎನ್ನಿಸಿತು.

ಆ ಸಲ ಪಕ್ಕದ ಕೋಣೆಯಲ್ಲಿ ಟೀವಿಯ ಮುಂದೆ ಮ್ಯಾನೇಜರ್ ಜೊತೆ ಕೂತವಳು ನಾನು. ಸಹೋದ್ಯೋಗಿ ನಿಧಾನವಾಗಿ ಕೇಳುತ್ತಾ ಹೋದಳು. ಮುಕ್ಕಾಲು ಗಂಟೆಯಾದ ಮೇಲೆ ಒಬ್ಬ ತಾಯಿ ಪಾಕೀಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕೆಳಗಿಟ್ಟಳು.

"ನಾವು ತಿನ್ನೋಕೆ ಆಗ್ಬೋದು ಮೇಡಂ. ಮಗೀಗೆ ಮಾತ್ರ ಬ್ಯಾಡ. ಯಾರು ತೊಳುದ್ರೋ, ಹೆಂಗ್ ತೊಳುದ್ರೋ."

ಇನ್ನಿಬ್ಬರು ಹೌದೆಂದು ತಲೆಯಾಡಿಸಿದರು. ಒಬ್ಬಳು ಮಾತ್ರ, ನಾನು ಕೆಲಸಕ್ಕೆ ಹೋಗ್ತೀನಿ, ನಂಗೆ ಬೇಕು ಎಂದಳು.

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಈಗೇನ್ ಮಾಡೋದು?"

"ಇನ್ನೂ ಮುಗಿದಿಲ್ಲ, ಕೇಳೋಣ" ಎಂದು ಬೇಡ ಎಂದವಳ, ಬೇಕು ಎಂದವಳ, ಇಬ್ಬರ ಮಾತನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.