ನಿಶಾಪುರದಿಂದ ಹೊರಟ ಯೂಸುಫ್
ನಮ್ಮ ಕಿಲ್ಬರ್ನ್ ಬಡಾವಣೆಯ ಇದಿನಬ್ಬ ಅಂಕಲ್ ಹತ್ತಿರ ಪೆಟ್ರೋಲ್ ಬೆಲೆಯ ಮಾತೆತ್ತಿದರೂ ಸಾಕು, ಸಾವಿರ ವರ್ಷದ ಹಿಂದಿನ ಯೂಸುಫ್ ನಿಶಾಪುರದಿಂದ ಹೊರಟೇಬಿಡುತ್ತಾನೆ. ಪ್ರವಾದಿಯವರ ಮಾತುಗಳಾದ ಹದೀಸ್‌ಗಳನ್ನು ಊರೂರಿನ ಗುರುಗಳ ಬಾಯಿಂದಲೇ ಕೇಳಬೇಕೆಂದು ಹೊರಟ ಹುಡುಗ ಅವನು. ಒಲೆಯ ಮೇಲೆ ಮಾಂಸ ಸೀದುಹೋದರೂ ಅಂಕಲ್ ನಿಲ್ಲಿಸುವವರಲ್ಲ. ರಯ್ ಪಟ್ಟಣದ ಗುರು, ಬಗ್ದಾದ್‌ನ ಗುರು, ಅವರು ಯಾರಿಂದ ಕೇಳಿದರು, ಆ ಯಾರು ಇನ್ಯಾರಿಂದ ಕೇಳಿದರು ಎಂದು ಹೆಸರುಗಳ ಸರಪಳಿಯನ್ನೇ ಉಸಿರು ಬಿಡದೆ ಒಪ್ಪಿಸುತ್ತಾರೆ. "ಒಂದು ಹೆಸರು ತಪ್ಪಿದ್ರೆ ಇಡೀ ಮಾತಿನ ಮೇಲೇ ಅನುಮಾನ ಮಾರಾಯ್ರೆ!" ಎಂದು ತೊಡೆ ತಟ್ಟುತ್ತಾರೆ. ಕೊನೆಗೆ ದಮಾಸ್ಕಸ್. ಅಲ್ಲಿನ ಮುದಿ ಗುರುವಿಗೆ ಮರೆವು ಹಿಡಿದಿದೆ ಎಂಬ ಸುದ್ದಿ ಇದ್ದುದರಿಂದ, ಯೂಸುಫ್ ಅವರನ್ನು ಪರೀಕ್ಷಿಸಲು ಬೇಕೆಂದೇ ಸರಪಳಿಯಲ್ಲಿ ತಪ್ಪು ಹೆಸರು ಸೇರಿಸಿ ಓದುತ್ತಾನೆ. ಗುರು "ಹೌದು" ಎಂದುಬಿಡುತ್ತಾರೆ. ಹದೀಸ್ ಸಂಗ್ರಹಿಸುವವರ ನಿಯಮದಂತೆ, ಮರೆವಿಗೆ ಮುಂಚೆ ಅವರಿಂದ ಕೇಳಿದ್ದು ಮಾತ್ರ ಗ್ರಾಹ್ಯ, ಆಮೇಲಿನದ್ದಲ್ಲ. ಹಾಗಾಗಿ ಯೂಸುಫ್ ಏನನ್ನೂ ಬರೆದುಕೊಳ್ಳದೆ ಅವರ ಕೈಗೆ ಮುತ್ತಿಟ್ಟು ಹೊರಡುತ್ತಾನೆ. ಇಲ್ಲಿ ಅಂಕಲ್ ಪ್ರತಿಸಲವೂ ಕಣ್ಣೊರೆಸಿಕೊಳ್ಳುತ್ತಾರೆ; ಶನಿವಾರದ ಊಟಕ್ಕೆ ಅವರ ಮನೆಯಲ್ಲಿ ಸೇರುವ ನಮಗೆಲ್ಲ ಅದೂ ಬಾಯಿಪಾಠ. ಕಳೆದ ಶನಿವಾರ ಮಾತ್ರ ಬಗ್ದಾದ್ ದಾಟಿದ ಮೇಲೆ ತಡವರಿಸಿದರು. "ಅಲ್ಲಿಂದ ಅವನು ಎಲ್ಲಿಗೆ ಹೋದದ್ದು?" ಎಂದರು. ಬ್ರಿಸ್ಬೇನ್‌ನಿಂದ ರಜೆಗೆ ಬಂದಿದ್ದ ಮೊಮ್ಮಗಳು ನೌಶೀನ್ ಕಿಸಕ್ಕನೆ ನಕ್ಕು, "ಬ್ರಿಸ್ಬೇನ್‌ಗೆ, ಅಜ್ಜ!" ಎಂದಳು. "ಹೌದು ಮಗಾ, ಬ್ರಿಸ್ಬೇನ್‌ಗೆ," ಎಂದು ಅಂಕಲ್ ನೆಮ್ಮದಿಯಿಂದ ಕತೆ ಮುಂದುವರಿಸಿದರು. ನಾವು ಯಾರೂ ನಗಲಿಲ್ಲ. ಪರ್ತ್‌ನಿಂದ ಬಂದಿದ್ದ ಅವರ ಹಿರಿಮಗಳು ಸಫಿಯಾ ತಟ್ಟೆ ಕೆಳಗಿಟ್ಟು, ಎದ್ದು ಹೋಗಿ ಅವರ ಕೈಗೆ ಮುತ್ತಿಟ್ಟಳು.